ಒಂದು ಸಾಲಿನ ಮರುಪತ್ರ: ಸ್ವೀಕೃತಿ, ವಂದನೆ ಮತ್ತು ಮೌನ

(ಪ್ರೌಢಶಾಲಾ ಹಂತದ ಪತ್ರಲೇಖನ ಪಾಠಕ್ಕೆ ಪೂರಕ, ಅಧ್ಯಾಪಕರ ಸ್ವಂತ ಬಳಕೆಗೂ)

ಪತ್ರಲೇಖನವನ್ನು ಕಲಿಸುವಾಗ ನಾವು ಸಂಬೋಧನೆ, ವಿಷಯ, ಒಕ್ಕಣೆ, ಮುಕ್ತಾಯ ಎಂಬ ಅಂಗಗಳನ್ನು ಕ್ರಮವಾಗಿ ವಿವರಿಸುತ್ತೇವೆ. ರಜೆಯ ಅರ್ಜಿ, ದೂರಿನ ಪತ್ರ, ಗೆಳೆಯನಿಗೆ ಪತ್ರ ಇವೆಲ್ಲವೂ ಪಠ್ಯದಲ್ಲಿ ಬರುತ್ತವೆ. ಆದರೆ ಇಂದು ಶಾಲೆಯಲ್ಲಿಯೂ ಕಛೇರಿಯಲ್ಲಿಯೂ ಅತ್ಯಂತ ಹೆಚ್ಚು ಸಲ ಬರೆಯಲ್ಪಡುವ ಪತ್ರವೆಂದರೆ ಒಂದೇ ಸಾಲಿನದು: ‘ತಲುಪಿತು’, ‘ಧನ್ಯವಾದಗಳು’, ‘ಆಗಲಿ ಸರ್’. ಇದನ್ನು ಯಾವಾಗ ಬರೆಯಬೇಕು, ಯಾವಾಗ ಬರೆಯದಿರುವುದೇ ಮೇಲು ಎಂಬುದನ್ನು ಯಾರೂ ಕಲಿಸುವುದಿಲ್ಲ. ಕೆಲವರು ಬಂದ ಪ್ರತಿಯೊಂದು ಇ-ಮೇಲ್‌ಗೂ ವಂದನೆ ಕಳುಹಿಸಿ ಇತರರ ಇನ್‌ಬಾಕ್ಸ್ ತುಂಬಿಸುತ್ತಾರೆ. ಕೆಲವರು ಅಗತ್ಯವಾದ ಪತ್ರಕ್ಕೂ ಉತ್ತರಿಸದೆ ಕಳುಹಿಸಿದವರನ್ನು ಕಾಯಿಸುತ್ತಾರೆ. ಈ ಎರಡು ಅಭ್ಯಾಸಗಳ ನಡುವಿನ ವಿವೇಕವನ್ನು ಬೆಳೆಸುವುದು ಈ ಪಾಠದ ಉದ್ದೇಶ.

1. ಮೌನಕ್ಕೆ ಎಷ್ಟು ಅರ್ಥ?

ಪತ್ರ ಬರೆದವರಿಗೆ ಉತ್ತರ ಬಾರದಿದ್ದರೆ ಅವರು ಆ ಮೌನವನ್ನು ಹೇಗೆ ಅರ್ಥಮಾಡಿಕೊಳ್ಳುತ್ತಾರೆ? ಇಡೀ ವಿಷಯಕ್ಕೆ ಇದೇ ಬೀಗದ ಕೈ.

ಜಿಲ್ಲಾ ಕಛೇರಿಯಿಂದ ‘ನಾಳೆ ಸಾರ್ವತ್ರಿಕ ರಜೆ’ ಎಂಬ ಸುತ್ತೋಲೆ ಬಂದಿದೆ ಎನ್ನೋಣ. ಅದಕ್ಕೆ ಯಾರೂ ಉತ್ತರಿಸದಿದ್ದರೂ ಏನೂ ಕೆಡುವುದಿಲ್ಲ. ಆ ಸುದ್ದಿ ಪತ್ರಿಕೆಯಲ್ಲಿಯೂ ಬರುತ್ತದೆ, ನೆರೆಯ ಶಾಲೆಯವರೂ ಹೇಳುತ್ತಾರೆ. ಇಲ್ಲಿ ಮೌನಕ್ಕೆ ಒಂದೇ ಅರ್ಥ: ‘ತಿಳಿಯಿತು.’ ಅಂಥ ಕಡೆ ‘ಧನ್ಯವಾದಗಳು’ ಎಂದು ಬರೆದರೆ ಕಳುಹಿಸಿದವರಿಗೆ ಹೊಸದೇನೂ ತಿಳಿಯುವುದಿಲ್ಲ. ತೆರೆದು ನೋಡಿ ಮುಚ್ಚಬೇಕಾದ ಇನ್ನೊಂದು ಪತ್ರ ಮಾತ್ರ ಸೇರುತ್ತದೆ.

ಇನ್ನೊಂದು ಸಂದರ್ಭವನ್ನು ನೋಡೋಣ. ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿಯ ಹೆಸರಿನ ಕಾಗುಣಿತವನ್ನು ಪರೀಕ್ಷಾ ಪಟ್ಟಿಯಲ್ಲಿ ತಿದ್ದಬೇಕೆಂದು ಮುಖ್ಯೋಪಾಧ್ಯಾಯರು ಕಛೇರಿಗೆ ಬರೆದಿದ್ದಾರೆ. ಉತ್ತರವಿಲ್ಲ. ಈ ಮೌನಕ್ಕೆ ಕನಿಷ್ಠ ಮೂರು ಅರ್ಥಗಳಿವೆ: ಪತ್ರ ತಲುಪಿ ತಿದ್ದುಪಡಿಯಾಗಿದೆ, ಪತ್ರ ತಲುಪಿದೆ, ಆದರೆ ಯಾರೂ ಕೈಗೆತ್ತಿಕೊಂಡಿಲ್ಲ, ಪತ್ರ ತಲುಪಿಯೇ ಇಲ್ಲ. ಹೊರಗಿನಿಂದ ಮೂರೂ ಒಂದೇ ರೀತಿ ಕಾಣುತ್ತವೆ. ತಪ್ಪು ಅರ್ಥವನ್ನು ನಂಬಿ ಕುಳಿತರೆ ಹುಡುಗಿಯ ಅಂಕಪಟ್ಟಿಯಲ್ಲಿ ತಪ್ಪು ಹೆಸರು ಅಚ್ಚಾಗುತ್ತದೆ. ಇಲ್ಲಿ ‘ತಿದ್ದುಪಡಿಯ ಕೋರಿಕೆ ತಲುಪಿದೆ, ಸೋಮವಾರದೊಳಗೆ ಸರಿಪಡಿಸಲಾಗುವುದು’ ಎಂಬ ಒಂದು ಸಾಲಿಗೆ ನಿಜವಾದ ಬೆಲೆಯಿದೆ.

ಆದುದರಿಂದ ಸೂತ್ರವನ್ನು ಹೀಗೆ ಹೇಳಬಹುದು: ಮೌನಕ್ಕೆ ಒಂದೇ ಅರ್ಥವಿರುವಲ್ಲಿ ಮರುಪತ್ರ ಬೇಡ. ಮೌನಕ್ಕೆ ಎರಡು ಅರ್ಥಗಳಿದ್ದು, ಅವುಗಳಲ್ಲೊಂದು ನಷ್ಟಕ್ಕೆ ದಾರಿಯಾಗುವಂತಿದ್ದರೆ ಮರುಪತ್ರ ಬೇಕೇ ಬೇಕು.

ಇದು ಹೊಸ ವಿಚಾರವಲ್ಲ. ಹಿಂದಿನ ಮನಿಆರ್ಡರ್ ಫಾರಮಿನಲ್ಲಿ ಹಣ ಪಡೆದವರು ಸಹಿ ಹಾಕುವ ಒಂದು ಭಾಗವಿರುತ್ತಿತ್ತು. ಅದು ಕಳುಹಿಸಿದವರಿಗೆ ಮರಳಿ ಬರುತ್ತಿತ್ತು. ರಿಜಿಸ್ಟರ್ಡ್ ಅಂಚೆಗೆ ಸ್ವೀಕೃತಿ ಕಾರ್ಡನ್ನು ಲಗತ್ತಿಸುತ್ತಿದ್ದುದೂ ಇದೇ ಕಾರಣಕ್ಕೆ. ಆದರೆ ಸಾಮಾನ್ಯ ಕಾಗದಕ್ಕೆ ಯಾರೂ ಸ್ವೀಕೃತಿ ಕಾರ್ಡು ಲಗತ್ತಿಸುತ್ತಿರಲಿಲ್ಲ. ಯಾವುದಕ್ಕೆ ಸಹಿ ಬೇಕು, ಯಾವುದಕ್ಕೆ ಬೇಡ ಎಂಬ ವಿವೇಕವನ್ನು ಅಂಚೆಯ ವೆಚ್ಚವೇ ಕಲಿಸುತ್ತಿತ್ತು. ಇ-ಮೇಲ್‌ಗೆ ಖರ್ಚಿಲ್ಲದ ಕಾರಣ ಆ ವಿವೇಕವನ್ನು ನಾವೇ ರೂಢಿಸಿಕೊಳ್ಳಬೇಕಾಗಿದೆ.

2. ಸ್ವೀಕೃತಿ ಬೇರೆ, ವಂದನೆ ಬೇರೆ

‘ಧನ್ಯವಾದಗಳು’ ಎಂಬ ಒಂದೇ ಪದವನ್ನು ನಾವು ಎರಡು ಭಿನ್ನ ಕೆಲಸಗಳಿಗೆ ಬಳಸುತ್ತಿದ್ದೇವೆ. ಒಂದು, ‘ನಿಮ್ಮ ಪತ್ರ ಕೈಸೇರಿತು’ ಎಂದು ತಿಳಿಸುವುದು. ಇನ್ನೊಂದು, ‘ನಿಮ್ಮಿಂದ ಉಪಕಾರವಾಯಿತು’ ಎಂದು ತಿಳಿಸುವುದು. ಮೊದಲನೆಯದು ಸ್ವೀಕೃತಿ, ಎರಡನೆಯದು ವಂದನೆ. ಇವೆರಡರ ಕಾಲವೂ ಬೇರೆ, ಮಾತೂ ಬೇರೆ.

ಸ್ವೀಕೃತಿಯನ್ನು ಬೇಗ ಬರೆಯಬೇಕು. ಅದರಲ್ಲಿ ಭಾವಕ್ಕಿಂತ ವಿವರ ಮುಖ್ಯ. ಏನು ತಲುಪಿತು, ಸರಿಯಾಗಿ ತೆರೆಯಿತೇ, ಮುಂದಿನ ಕೆಲಸವನ್ನು ಯಾರು ಯಾವಾಗ ಮಾಡುತ್ತಾರೆ ಎಂಬುದಿಷ್ಟು ಇದ್ದರೆ ಸಾಕು. ವಂದನೆಯನ್ನು ತುಸು ತಡವಾಗಿ ಬರೆಯುವುದೇ ಲೇಸು. ಏಕೆಂದರೆ ಉಪಕಾರದ ಫಲ ಕಂಡ ಮೇಲೆ ಹೇಳಲು ಏನಾದರೂ ಇರುತ್ತದೆ.

ಕನ್ನಡದ ಮನೆಮಾತಿನಲ್ಲಿ ಈ ಭೇದ ಸಹಜವಾಗಿಯೇ ಇದೆ. ಊಟ ಬಡಿಸಿದ ತಾಯಿಗೆ ಮಕ್ಕಳು ಪ್ರತಿ ತುತ್ತಿಗೂ ಧನ್ಯವಾದ ಹೇಳುವುದಿಲ್ಲ. ‘ಸಾಕಮ್ಮ’, ‘ಇನ್ನೊಂಚೂರು ಹಾಕು’ ಎನ್ನುತ್ತಾರೆ. ಅದು ಸ್ವೀಕೃತಿ. ಕಷ್ಟಕಾಲದಲ್ಲಿ ನೆರವಾದವರ ಮನೆಗೆ ಹೋಗಿ ‘ನಿಮ್ಮಿಂದ ದೊಡ್ಡ ಉಪಕಾರವಾಯಿತು’ ಎನ್ನುವುದು ವಂದನೆ. ಎರಡನ್ನೂ ಒಂದೇ ಪದಕ್ಕೆ ಇಳಿಸಿದುದರಿಂದಲೇ ‘ಧನ್ಯವಾದಗಳು’ ಎಂಬುದು ಓದದೆ ಬಿಡುವ ಪದವಾಗಿದೆ.

3. ತಲುಪುವುದು ಮತ್ತು ಓದಲಾಗುವುದು

ಗಡಿನಾಡಿನ ಕನ್ನಡ ಶಾಲೆಗಳಿಗೆ ಒಂದು ವಿಶೇಷ ತೊಡಕಿದೆ. ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳೂ ಚಿಹ್ನೆಗಳೂ ಬೆರೆತ ಅರ್ಥಹೀನ ಸಾಲುಗಳು ಕಾಣುತ್ತವೆ. ಕರ್ನಾಟಕದ ಹೊರಗಿನ ಬಹಳಷ್ಟು ಕಛೇರಿಗಳ ಗಣಕಗಳಲ್ಲಿ ಆ ಅಕ್ಷರಶೈಲಿ ಇರುವುದಿಲ್ಲ. ಅಲ್ಲಿನ ಗುಮಾಸ್ತರಿಗೆ ಕನ್ನಡ ಬಾರದಿದ್ದರೆ, ಕಡತ ಕೆಟ್ಟಿದೆಯೋ ಕನ್ನಡವೇ ಹಾಗಿರುತ್ತದೆಯೋ ಎಂಬುದು ಕೂಡ ಅವರಿಗೆ ಹೊಳೆಯಲಾರದು.

ಇಂಥಲ್ಲಿ ‘ತಲುಪಿತು, ಧನ್ಯವಾದಗಳು’ ಎಂಬ ಉತ್ತರ ನಿರುಪಯೋಗಿ ಮಾತ್ರವಲ್ಲ, ಅಪಾಯಕಾರಿ. ಕಳುಹಿಸಿದವರು ಕೆಲಸವಾಯಿತೆಂದು ನಿಶ್ಚಿಂತರಾಗುತ್ತಾರೆ. ಪಡೆದವರ ಬಳಿ ಇರುವುದು ಓದಲಾಗದ ಕಡತ. ಆದುದರಿಂದ ಕನ್ನಡ ಕಡತ ಬಂದಾಗ ಅದನ್ನು ತೆರೆದು ನೋಡಿದ ಬಳಿಕವೇ ಸ್ವೀಕೃತಿ ಬರೆಯಬೇಕು. ‘ಪ್ರಶ್ನೆಪತ್ರಿಕೆ ತಲುಪಿತು, 3 ಪುಟ, ಅಕ್ಷರಗಳು ಸರಿಯಾಗಿ ಕಾಣುತ್ತಿವೆ’ ಎಂಬ ಸಾಲು ಕಳುಹಿಸಿದವರ ಸಂಶಯವನ್ನು ಪೂರ್ತಿಯಾಗಿ ಕಳೆಯುತ್ತದೆ. ಕಳುಹಿಸುವವರು ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿದರೆ, ಅಥವಾ ಅಕ್ಷರಶೈಲಿಯನ್ನು ಒಳಗೊಂಡ ಪಿಡಿಎಫ್ ಕಳುಹಿಸಿದರೆ ಈ ತೊಡಕೇ ಬಾರದು.

ವಾಟ್ಸ್‌ಆ್ಯಪ್‌ನ ನೀಲಿ ಗೆರೆಗಳ ಬಗೆಗೂ ಇದೇ ಎಚ್ಚರ ಬೇಕು. ಎರಡು ಬೂದು ಗೆರೆಗಳು ಸಂದೇಶವು ದೂರವಾಣಿಯನ್ನು ಮುಟ್ಟಿತೆಂದೂ ನೀಲಿ ಗೆರೆಗಳು ಅದನ್ನು ತೆರೆದರೆಂದೂ ತಿಳಿಸುತ್ತವೆ. ಲಗತ್ತಿಸಿದ ಕಡತವನ್ನು ಓದಿದರೆಂದಾಗಲಿ, ಒಪ್ಪಿದರೆಂದಾಗಲಿ ತಿಳಿಸುವುದಿಲ್ಲ. ಬರಿಯ ಸುದ್ದಿಗೆ ನೀಲಿ ಗೆರೆಯೇ ಸಾಕಾದ ಸ್ವೀಕೃತಿ. ಕೆಲಸವನ್ನು ಬಯಸುವ ಸಂದೇಶಕ್ಕೆ ಅದು ಸಾಲದು.

4. ಒಂದು ಉದಾಹರಣೆ: ಪಠ್ಯಪುಸ್ತಕದ ಬೇಡಿಕೆ

ಗಡಿನಾಡಿನ ಒಂದು ಶೈಕ್ಷಣಿಕ ಉಪಜಿಲ್ಲೆಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಕನ್ನಡ ಮಾಧ್ಯಮವಿರುವ 42 ಶಾಲೆಗಳಿವೆ. ಸೋಮವಾರ ಬೆಳಿಗ್ಗೆ ಕಛೇರಿಯು ಎಲ್ಲ ಶಾಲೆಗಳಿಗೂ ಒಂದೇ ಇ-ಮೇಲ್ ಕಳುಹಿಸುತ್ತದೆ. ಅದರೊಂದಿಗೆ ಒಂದು ತಖ್ತೆಯಿದೆ. ಪ್ರತಿ ಶಾಲೆಯ ಪ್ರತಿ ತರಗತಿಗೆ ಬೇಕಾದ ಕನ್ನಡ ಪಠ್ಯಪುಸ್ತಕಗಳ ಸಂಖ್ಯೆ ಅದರಲ್ಲಿದೆ. ‘ಪರಿಶೀಲಿಸಿ ಗುರುವಾರ ಸಂಜೆ 4 ಗಂಟೆಯೊಳಗೆ ತಿಳಿಸುವುದು’ ಎಂಬುದು ಒಕ್ಕಣೆ. ಎಲ್ಲ ಶಾಲೆಗಳ ವಿಳಾಸಗಳೂ ‘To’ ಎಂಬಲ್ಲಿ ಸಾಲಾಗಿ ಕಾಣುತ್ತಿವೆ.

ಮುಂದೆ ನಡೆಯುವುದು ಹೀಗೆ. 36 ಶಾಲೆಗಳು ‘ಧನ್ಯವಾದಗಳು’ ಎಂದು ಬರೆಯುತ್ತವೆ. ಎರಡು ಶಾಲೆಗಳು ಸಂಖ್ಯೆ ತಪ್ಪಾಗಿದೆಯೆಂದು ತಿಳಿಸುತ್ತವೆ. ಅವುಗಳಲ್ಲೊಂದು, ‘ನಮ್ಮ 4ನೆಯ ತರಗತಿಗೆ 17 ಎಂದಿದೆ, 27 ಆಗಬೇಕು’ ಎಂದು ಬರೆಯುತ್ತದೆ. ಒಂದು ಶಾಲೆ ತಖ್ತೆ ತೆರೆಯುತ್ತಿಲ್ಲವೆನ್ನುತ್ತದೆ. ಮೂರು ಶಾಲೆಗಳಿಂದ ಉತ್ತರವಿಲ್ಲ. ಉತ್ತರಿಸಿದ 39 ಶಾಲೆಗಳೂ Reply all ಒತ್ತಿದುದರಿಂದ ಪ್ರತಿಯೊಂದು ಉತ್ತರವೂ ಕಛೇರಿಗೂ ಉಳಿದ 41 ಶಾಲೆಗಳಿಗೂ ಹೋಗುತ್ತದೆ. ಒಟ್ಟು 39 × 42, ಅಂದರೆ 1638 ಪ್ರತಿಗಳು ಓಡಾಡುತ್ತವೆ. ಎಲ್ಲ ಉತ್ತರಗಳ ವಿಷಯವೂ ಒಂದೇ ಆಗಿರುವುದರಿಂದ ಜಿಮೇಲ್‌ನಂಥ ಸೇವೆಗಳು ಅವನ್ನು ಒಂದೇ ಸರಪಣಿಯಾಗಿ ಕೂಡಿಸಿ, ಹಿಂದಿನವುಗಳನ್ನು ಮಡಚಿ ತೋರಿಸುತ್ತವೆ. ‘27 ಆಗಬೇಕು’ ಎಂಬ ಸಾಲು ಧನ್ಯವಾದಗಳ ನಡುವೆ ಮಡಚಿಹೋಗುತ್ತದೆ. ಗುರುವಾರ ಸಂಜೆ ಹಳೆಯ ಸಂಖ್ಯೆಯೇ ಮುಂದಕ್ಕೆ ಹೋಗುತ್ತದೆ. ಜೂನ್ ತಿಂಗಳಲ್ಲಿ ಆ ಶಾಲೆಯ ಹತ್ತು ಮಕ್ಕಳಿಗೆ ಕನ್ನಡ ಪುಸ್ತಕವಿಲ್ಲ. ಪಕ್ಕದ ವಿಭಾಗಕ್ಕೆ ರಾಜ್ಯಭಾಷೆಯ ಪುಸ್ತಕ ಬಂದಿರುವಾಗ ಈ ಹತ್ತು ಮಕ್ಕಳ ಹೆತ್ತವರು ಏನು ಯೋಚಿಸುವರೆಂಬುದನ್ನು ನಾವು ಬಲ್ಲೆವು.

ಇಲ್ಲಿ ಕೆಟ್ಟದ್ದು ಏನು? ಉತ್ತರಗಳು ಹೆಚ್ಚಾದುವು ಎಂದಷ್ಟೇ ಹೇಳಿದರೆ ಸಾಲದು. 36 ಶಾಲೆಗಳ ‘ಧನ್ಯವಾದಗಳು’ ಕಛೇರಿಗೆ ಏನನ್ನು ತಿಳಿಸಿತು? ಅವರು ತಖ್ತೆಯನ್ನು ತೆರೆದು ಎಣಿಸಿದರೇ, ಪತ್ರ ಕಂಡೊಡನೆ ಬರೆದರೇ ಎಂಬುದು ಗೊತ್ತಾಗುವುದಿಲ್ಲ. ಕಛೇರಿ ಕೇಳಿದ್ದು ಪರಿಶೀಲನೆ, ಬಂದದ್ದು ಸೌಜನ್ಯ. ಅಂದರೆ 36 ಉತ್ತರಗಳು ಬಂದ ಬಳಿಕವೂ ಕಛೇರಿಯ ಅರಿವು ಬಹುಮಟ್ಟಿಗೆ ಸೋಮವಾರ ಬೆಳಿಗ್ಗೆ ಇದ್ದಷ್ಟೇ ಇದೆ.

ಹಾಗಾದರೆ ‘ತಪ್ಪಿದ್ದರೆ ಮಾತ್ರ ಬರೆಯಿರಿ’ ಎಂದು ಸೂಚಿಸಿದರೆ ಸಾಕೇ? ಈ ಸಂದರ್ಭದಲ್ಲಿ ಸಾಲದು. ಉತ್ತರಿಸದ ಮೂರು ಶಾಲೆಗಳಲ್ಲಿ ಒಂದಕ್ಕೆ ಪತ್ರವು Spam ವಿಭಾಗಕ್ಕೆ ಹೋಗಿರಬಹುದು. ಆ ಶಾಲೆಯ ಮೌನವೂ ‘ಎಲ್ಲ ಸರಿ’ ಎಂಬ ಮೌನವೂ ಒಂದೇ ರೀತಿ ಕಾಣುತ್ತವೆ. ಮೌನಕ್ಕೆ ಎರಡು ಅರ್ಥಗಳಿವೆ, ಒಂದರಲ್ಲಿ ನಷ್ಟವಿದೆ. ಆದುದರಿಂದ ಇಲ್ಲಿ ಎಲ್ಲ 42 ಶಾಲೆಗಳಿಂದಲೂ ಒಂದು ಸಾಲು ಬೇಕು. ಆದರೆ ಅದು ಕಛೇರಿಗೆ ಮಾತ್ರ ಹೋಗಬೇಕು, ಮತ್ತು ಕೇಳಿದ ಪ್ರಶ್ನೆಗೆ ಉತ್ತರವಾಗಿರಬೇಕು.

ಕಛೇರಿಯು ಪತ್ರವನ್ನು ಹೀಗೆ ಮುಗಿಸಬಹುದಿತ್ತು: ‘ಪ್ರತಿ ಶಾಲೆಯೂ ತಖ್ತೆಯನ್ನು ಪರಿಶೀಲಿಸಿ ಗುರುವಾರ ಸಂಜೆ 4 ಗಂಟೆಯೊಳಗೆ ಕಛೇರಿಗೆ ಮಾತ್ರ ಒಂದು ಸಾಲು ಬರೆಯತಕ್ಕದ್ದು. ಸರಿಯಿದ್ದಲ್ಲಿ “ಸಂಖ್ಯೆ ಸರಿ” ಎಂದೂ ತಪ್ಪಿದ್ದಲ್ಲಿ “ತಿದ್ದುಪಡಿ” ಎಂದೂ ವಿಷಯದ ಸಾಲಿನಲ್ಲಿ ಶಾಲೆಯ ಹೆಸರಿನೊಂದಿಗೆ ನಮೂದಿಸುವುದು.’ ಶಾಲೆಗಳ ವಿಳಾಸಗಳನ್ನು ‘Bcc’ ಎಂಬಲ್ಲಿ ಇಟ್ಟಿದ್ದರೆ ಯಾರಾದರೂ ತಪ್ಪಿ Reply all ಒತ್ತಿದರೂ ಇತರ ಶಾಲೆಗಳಿಗೆ ಹೋಗುತ್ತಿರಲಿಲ್ಲ.

ಕಛೇರಿ ಹೀಗೆ ಬರೆಯದಿದ್ದರೂ ತಿದ್ದುಪಡಿ ಬೇಕಾದ ಶಾಲೆಯ ಅಧ್ಯಾಪಕರು ತಾವಾಗಿಯೇ ಎಚ್ಚರ ವಹಿಸಬಹುದಿತ್ತು. Reply ಮಾತ್ರ ಒತ್ತಿ, ವಿಷಯದ ಸಾಲನ್ನು ಅಳಿಸಿ, ‘ತಿದ್ದುಪಡಿ: 4ನೆಯ ತರಗತಿ, 17 ಅಲ್ಲ 27’ ಎಂದು ಬರೆದಿದ್ದರೆ ಆ ಪತ್ರ ಸರಪಣಿಯಿಂದ ಬೇರ್ಪಟ್ಟು ಪ್ರತ್ಯೇಕವಾಗಿ ಕಾಣುತ್ತಿತ್ತು. ತೆರೆಯದೆಯೇ ವಿಷಯ ತಿಳಿಯುತ್ತಿತ್ತು. ಬುಧವಾರದೊಳಗೆ ಕಛೇರಿಯಿಂದ ‘27 ಎಂದು ತಿದ್ದಲಾಗಿದೆ’ ಎಂಬ ಸಾಲು ಬಾರದಿದ್ದರೆ ದೂರವಾಣಿ ಕರೆ ಮಾಡಲು ಇನ್ನೂ ಒಂದು ದಿನ ಉಳಿಯುತ್ತಿತ್ತು. ಕಛೇರಿಯ ಆ ಒಂದು ಸಾಲಿಗೆ ಪ್ರತಿಯಾಗಿ ಶಾಲೆ ಮತ್ತೆ ‘ಧನ್ಯವಾದಗಳು’ ಎನ್ನಬೇಕಾಗಿಲ್ಲ; ಅಲ್ಲಿಗೆ ಮೌನಕ್ಕೆ ಒಂದೇ ಅರ್ಥ ಉಳಿದಿರುತ್ತದೆ.

5. ಕಾನೂನಿನ ದೃಷ್ಟಿ

ಸ್ವೀಕೃತಿಯು ಶಿಷ್ಟಾಚಾರ ಮಾತ್ರವಲ್ಲ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ದ 12ನೆಯ ಕಲಮು ವಿದ್ಯುನ್ಮಾನ ಪತ್ರಗಳ ಸ್ವೀಕೃತಿಯನ್ನೇ ಕುರಿತದ್ದು. ಕಳುಹಿಸುವವರು ಸ್ವೀಕೃತಿ ಇಂಥ ರೀತಿಯಲ್ಲಿಯೇ ಇರಬೇಕೆಂದು ಹೇಳಿರದಿದ್ದರೆ, ಪಡೆದವರ ಯಾವುದೇ ಮರುಪತ್ರ ಅಥವಾ ಪತ್ರ ತಲುಪಿದೆಯೆಂದು ತೋರಿಸುವ ಅವರ ಯಾವುದೇ ನಡೆ ಸ್ವೀಕೃತಿಯಾಗಬಲ್ಲದು. ಸ್ವೀಕೃತಿ ಬಂದರೆ ಮಾತ್ರ ಈ ಪತ್ರ ಬದ್ಧವೆಂದು ಕಳುಹಿಸುವವರು ಮೊದಲೇ ಹೇಳಿದ್ದು, ಅದು ಬಾರದಿದ್ದರೆ, ಪತ್ರವನ್ನು ಕಳುಹಿಸಿಯೇ ಇಲ್ಲವೆಂದು ಭಾವಿಸಲಾಗುತ್ತದೆ.

ಇದರಿಂದ ಅಧ್ಯಾಪಕರು ಗ್ರಹಿಸಬೇಕಾದ ಅಂಶಗಳು ಎರಡು. ‘ಸ್ವೀಕೃತಿ ಕಳುಹಿಸತಕ್ಕದ್ದು’ ಎಂಬ ಸೂಚನೆ ಇರುವ ಪತ್ರಕ್ಕೆ ಉತ್ತರಿಸುವುದು ಸೌಜನ್ಯದ ಪ್ರಶ್ನೆಯಲ್ಲ, ಕರ್ತವ್ಯ. ಎರಡನೆಯದಾಗಿ, ಕೇಳಿದ ಕೆಲಸವನ್ನೇ ಮಾಡಿ ಕಳುಹಿಸುವುದೂ ಸ್ವೀಕೃತಿಯೇ. ಅಂಕಪಟ್ಟಿಯನ್ನು ಕೇಳಿದ ದಿನವೇ ಕಳುಹಿಸಬಲ್ಲಿರಾದರೆ, ಮೊದಲು ‘ತಲುಪಿತು, ಕಳುಹಿಸುವೆ’ ಎಂದು ಬರೆದು ಅನಂತರ ಅಂಕಪಟ್ಟಿ ಕಳುಹಿಸಬೇಕಾಗಿಲ್ಲ. ಕೆಲಸಕ್ಕೆ ನಾಲ್ಕು ದಿನ ಹಿಡಿಯುವುದಾದರೆ ಮಾತ್ರ ಆ ಮೊದಲ ಸಾಲು ಬೇಕು.

6. ವಂದನೆಗೆ ತಕ್ಕ ಹೊತ್ತು

ವಂದನೆಯನ್ನು ಕಡಿಮೆ ಮಾಡಬೇಕೆಂಬುದು ಈ ಪಾಠದ ಆಶಯವಲ್ಲ. ಅದು ಬೇಕಾದ ಕಡೆ ಹೆಚ್ಚಾಗಿ ಹೋಗುವುದೇ ಇಲ್ಲ ಎಂಬುದೂ ಅಷ್ಟೇ ನಿಜ. ಕರ್ನಾಟಕದಲ್ಲಿರುವ ಒಬ್ಬ ನಿವೃತ್ತ ಅಧ್ಯಾಪಕರು ಗಡಿಯಾಚೆಯ ಶಾಲೆಗೆ ಕನ್ನಡ ಕಥೆಪುಸ್ತಕಗಳ ಒಂದು ಕಟ್ಟನ್ನು ಕಳುಹಿಸಿದ್ದಾರೆ ಎನ್ನೋಣ. ಅದು ಅವರ ಕರ್ತವ್ಯವಾಗಿರಲಿಲ್ಲ. ಪುಸ್ತಕಗಳು ಏನಾದುವೆಂದು ತಿಳಿಯಲು ಅವರಿಗೆ ಬೇರೆ ದಾರಿಯೂ ಇಲ್ಲ. ಇವೆರಡೂ ಕೂಡಿದಲ್ಲಿ ವಂದನೆ ಬರೆಯದಿರುವುದು ಲೋಪ.

ಕಟ್ಟು ಬಂದ ದಿನ ಬರೆಯಬೇಕಾದದ್ದು ಸ್ವೀಕೃತಿ: ‘ತಾವು ಕಳುಹಿಸಿದ 24 ಪುಸ್ತಕಗಳು ಇಂದು ತಲುಪಿದುವು, ಯಾವುದೂ ನೆನೆದಿಲ್ಲ.’ ತಿಂಗಳು ಕಳೆದ ಮೇಲೆ ಬರೆಯಬೇಕಾದದ್ದು ವಂದನೆ: ‘ತಾವು ಕಳುಹಿಸಿದ ಜನಪದ ಕಥೆಗಳ ಪುಸ್ತಕವನ್ನು ಆರನೆಯ ತರಗತಿಯ ಒಂಬತ್ತು ಮಕ್ಕಳು ಮನೆಗೆ ಒಯ್ದು ಓದಿದ್ದಾರೆ, ಒಬ್ಬಳು ತನ್ನ ಅಜ್ಜಿಗೆ ಓದಿ ಹೇಳಿದಳಂತೆ. ತಮ್ಮಿಂದ ಉಪಕಾರವಾಯಿತು.’ ಎರಡನೆಯದರಲ್ಲಿ ‘ಧನ್ಯವಾದ’ ಎಂಬ ಪದವೇ ಇಲ್ಲ. ಆದರೂ ಅದನ್ನು ಓದಿದವರು ಪತ್ರವನ್ನು ಅಳಿಸಲಾರರು. ಪುಸ್ತಕ ತಲುಪುವ ಮೊದಲೇ, ಕೋರಿಕೆಯ ಪತ್ರದಲ್ಲಿಯೇ ‘ಮುಂಗಡ ವಂದನೆಗಳು’ ಎಂದು ಬರೆದು ಮುಗಿಸಿದವರಿಗೆ ಈ ಸಾಲನ್ನು ಬರೆಯುವ ನೆನಪು ಬರುವುದು ಕಷ್ಟ.

ಗುಂಪಿನಲ್ಲಿ ಒಬ್ಬರ ನೆರವಿಗೆ ವಂದಿಸಬೇಕಾದರೆ ಅವರಿಗೇ ಬರೆಯುವುದು ಉಚಿತ. ಗುಂಪಿನಲ್ಲಿಯೇ ತೋರಿಸಬೇಕೆನಿಸಿದರೆ, ಸಂದೇಶದ ಮೇಲೆ ಕೈಮುಗಿಯುವ ಚಿಹ್ನೆಯನ್ನು ಪ್ರತಿಕ್ರಿಯೆಯಾಗಿ ಇಡಬಹುದು. ಅದು ಹೊಸ ಸಾಲನ್ನು ಸೃಷ್ಟಿಸುವುದಿಲ್ಲ, ಇತರರ ಸಂದೇಶಗಳನ್ನು ಮೇಲಕ್ಕೆ ತಳ್ಳುವುದೂ ಇಲ್ಲ.

ತರಗತಿ ಚಟುವಟಿಕೆ

ಕೆಳಗಿನ ಆರು ಸಂದೇಶಗಳನ್ನು ಚೀಟಿಗಳಲ್ಲಿ ಬರೆದು ಆರು ಗುಂಪುಗಳಿಗೆ ಹಂಚಿರಿ. ಉತ್ತರ ಬೇಕೇ, ಬೇಕಾದರೆ ಯಾರಿಗೆ, ಆ ಒಂದು ಸಾಲು ಯಾವುದು ಎಂದು ಪ್ರತಿ ಗುಂಪೂ ಹತ್ತು ನಿಮಿಷ ಚರ್ಚಿಸಿ ಬರೆಯಲಿ.

1. ‘ಶುಕ್ರವಾರ ಶಾಲಾ ವಾರ್ಷಿಕೋತ್ಸವ. ಎಲ್ಲರಿಗೂ ಸ್ವಾಗತ.’ (ತರಗತಿ ಗುಂಪಿಗೆ)
2. ‘ಮಗನಿಗೆ ಜ್ವರ. ನಾಳೆಯ ಕಿರುಪರೀಕ್ಷೆಗೆ ಬರಲಾರ.’ (ಹೆತ್ತವರಿಂದ ಅಧ್ಯಾಪಕರಿಗೆ)
3. ‘ಪ್ರಬಂಧ ಸ್ಪರ್ಧೆಗೆ ನಿನ್ನ ಪ್ರಬಂಧ ತಲುಪಿದೆ.’ (ಸಂಘಟಕರಿಂದ)
4. ‘ಪ್ರವಾಸದ ಬಸ್ಸು 6 ಗಂಟೆಗಲ್ಲ, 5 ಗಂಟೆಗೇ ಹೊರಡುತ್ತದೆ.’ (ಹಿಂದಿನ ರಾತ್ರಿ, ಗುಂಪಿಗೆ)
5. ‘ನೀನು ಕೇಳಿದ ಟಿಪ್ಪಣಿಯ ಚಿತ್ರಗಳನ್ನು ಕಳುಹಿಸಿದ್ದೇನೆ.’ (ಗೆಳತಿಯಿಂದ)
6. ‘ಧನ್ಯವಾದಗಳು.’ (ನೀವು ಮಾಡಿದ ಸಹಾಯಕ್ಕೆ)

ಅಧ್ಯಾಪಕರ ಅನುಕೂಲಕ್ಕೆ ಸೂಚನೆಗಳು: ಒಂದು, ಮೂರು ಮತ್ತು ಆರಕ್ಕೆ ಉತ್ತರ ಬೇಕಾಗಿಲ್ಲ, ಮೂರನೆಯದು ತಾನೇ ಸ್ವೀಕೃತಿ. ಎರಡನೆಯದಕ್ಕೆ ಅಧ್ಯಾಪಕರ ಉತ್ತರ ಬೇಕು, ಮತ್ತು ಮರುಪರೀಕ್ಷೆ ಯಾವಾಗ ಎಂಬುದು ಅದರಲ್ಲಿರಬೇಕು. ನಾಲ್ಕನೆಯದಕ್ಕೆ ಪ್ರತಿ ಮನೆಯಿಂದಲೂ ಉತ್ತರ ಬೇಕು. ಓದದೆ ಮಲಗಿದ ಮನೆಯ ಮಗುವಿಗೆ ಬಸ್ಸು ತಪ್ಪುತ್ತದೆ. ಐದನೆಯದಕ್ಕೆ ಚಿತ್ರಗಳನ್ನು ತೆರೆದು ನೋಡಿದ ಬಳಿಕ ಉತ್ತರಿಸಬೇಕು. ಒಂದು ಪುಟ ಮಸುಕಾಗಿದ್ದರೆ ಅದನ್ನೇ ತಿಳಿಸಬೇಕು. ಮಕ್ಕಳು ಭಿನ್ನ ಉತ್ತರ ಕೊಟ್ಟು ಕಾರಣವನ್ನು ಸರಿಯಾಗಿ ಹೇಳಿದರೆ ಒಪ್ಪಿಕೊಳ್ಳಿರಿ.

ಮೌಲ್ಯಮಾಪನದಲ್ಲಿ ವಿನಯದ ಪದಗಳನ್ನು ಎಣಿಸಬೇಡಿರಿ. ಪ್ರತಿ ಗುಂಪಿಗೂ ಒಂದೇ ಪ್ರಶ್ನೆಯನ್ನು ಕೇಳಿರಿ: ‘ನಿಮ್ಮ ಸಾಲನ್ನು ಓದಿದ ಮೇಲೆ ಕಳುಹಿಸಿದವರಿಗೆ ಮೊದಲು ತಿಳಿಯದಿದ್ದ ಯಾವ ಸಂಗತಿ ತಿಳಿಯಿತು?’ ಉತ್ತರ ಹೇಳಬಲ್ಲ ಗುಂಪಿಗೆ ಪೂರ್ಣ ಅಂಕ; ಹೇಳಲಾಗದ ಗುಂಪು ತನ್ನ ಸಾಲನ್ನು ತಿದ್ದಲಿ, ಇಲ್ಲವೇ ಕಳುಹಿಸದೆ ಬಿಡಲಿ.